ಎಡಕ್ಕೆ ತಿರುಗಿಸಿದರೆ ರೇಸ್, ಬಲಕ್ಕೆ ತಿರುಗಿಸಿದರೆ ಬಂದ್: ದೋಷ ಕಾರ್ಬುರೇಟರಿನದೇ?

ಪ್ರಶ್ನೆ: ನಮಸ್ಕಾರ ಸರ್. ನನ್ನದು 2007ರ 100 ಸಿಸಿ ಬೈಕು, ಮನೆ ಶಿರಸಿ ಹತ್ತಿರ. ಎರಡು ತಿಂಗಳ ಹಿಂದೆ ಹ್ಯಾಂಡಲ್ ಕೋನ್ ಸೆಟ್ ಬದಲಾಯಿಸಿದೆ. ಆಮೇಲಿಂದ ಐಡ್ಲಿಂಗ್ ಸರಿಯಾಗಿ ನಿಲ್ಲುತ್ತಿಲ್ಲ. ಹ್ಯಾಂಡಲ್ ಎಡಕ್ಕೆ ತಿರುಗಿಸಿದರೆ ತಾನಾಗಿ ರೇಸ್ ಆಗುತ್ತದೆ, ಬಲಕ್ಕೆ ತಿರುಗಿಸಿದರೆ ಇಂಜಿನ್ ಬಂದ್. ಮೈಲೇಜಿಗೆ ಅಂತ ಮೆಕ್ಯಾನಿಕ್ ಮಿಕ್ಸ್ಚರ್ ಸ್ಕ್ರೂ ಟೈಟ್ ಮಾಡಿಕೊಟ್ಟರು. ಈಗ ಇಳಿಜಾರಿನಲ್ಲಿ ಆಕ್ಸಿಲರೇಟರ್ ಬಿಟ್ಟರೆ ಸೈಲೆನ್ಸರ್‌ನಲ್ಲಿ ಪಟಪಟ ಸದ್ದು, ಮೈಲೇಜೂ ಹೆಚ್ಚಾಗಿಲ್ಲ. ಮೂರು ಸಲ ಟ್ಯೂನಿಂಗ್ ಆಯಿತು, ಈಗ ಹೊಸ ಕಾರ್ಬುರೇಟರ್ ಹಾಕಿಸಿ ಅನ್ನುತ್ತಿದ್ದಾರೆ. ಹಾಕಿಸಲೇ? ಇಲ್ಲ ನಾನೇ ಸರಿಮಾಡಿಕೊಳ್ಳಬಹುದೇ?

ಉತ್ತರ: ಕಾರ್ಬುರೇಟರ್‌ಗೆ ಇನ್ನೂ ದುಡ್ಡು ಕೊಡಬೇಡಿ. ನಿಮ್ಮ ಪತ್ರದ ಎರಡನೇ ವಾಕ್ಯದಲ್ಲೇ ಅರ್ಧ ಉತ್ತರವಿದೆ. ಕೋನ್ ಸೆಟ್ ಹಾಕಬೇಕಾದರೆ ಹ್ಯಾಂಡಲ್ ಬಿಚ್ಚಬೇಕು, ಮುಂದಿನ ಫೋರ್ಕ್ ಇಳಿಸಬೇಕು, ಹೆಡ್‌ಲೈಟ್ ಪಕ್ಕಕ್ಕೆ ಸರಿಸಬೇಕು. ವಾಪಸ್ ಜೋಡಿಸುವಾಗ ಆಕ್ಸಿಲರೇಟರ್ ಕೇಬಲ್ ಮೊದಲಿದ್ದ ದಾರಿಯಲ್ಲೇ ಹೋಗಿದೆಯಾ ಅಂತ ನೋಡುವ ತಾಳ್ಮೆ ಸಂಜೆ ಆರು ಗಂಟೆಯ ಗ್ಯಾರೇಜಿನಲ್ಲಿ ಯಾರಿಗೂ ಇರುವುದಿಲ್ಲ. ನನಗೂ ಇರುತ್ತಿರಲಿಲ್ಲ, ಬೈಕು ವಾಪಸ್ ಬಂದಮೇಲೆ ಕಲಿತದ್ದು.

ಹ್ಯಾಂಡಲ್ ತಿರುಗಿಸಿದಾಗ ಐಡ್ಲಿಂಗ್ ಬದಲಾದರೆ ಅದು ಕೇಬಲ್ ಕಡೆಯ ತೊಂದರೆ ಅಂತ ಹಿಡಿದುಕೊಂಡೇ ಕೆಲಸ ಶುರು ಮಾಡಿ. ಕಾರ್ಬುರೇಟರಿಗೆ ಹ್ಯಾಂಡಲ್ ಯಾವ ಕಡೆ ತಿರುಗಿದೆ ಅಂತ ಗೊತ್ತಾಗಲು ಇರುವ ದಾರಿ ಆ ಕೇಬಲ್ ಒಂದೇ.

ಒಳಗೆ ಏನಾಗುತ್ತದೆ ಹೇಳುತ್ತೇನೆ. ನಿಮ್ಮಂಥ ಬೈಕಿನ ಕಾರ್ಬುರೇಟರಿನಲ್ಲಿ ಸ್ಲೈಡ್ ಅಂತ ಒಂದು ಕೊಳವೆಯಾಕಾರದ ತುಂಡು ಮೇಲೆ ಕೆಳಗೆ ಓಡಾಡುತ್ತದೆ. ಆಕ್ಸಿಲರೇಟರ್ ತಿರುಗಿಸಿದರೆ ಕೇಬಲ್ ಅದನ್ನು ಮೇಲಕ್ಕೆಳೆಯುತ್ತದೆ, ಬಿಟ್ಟರೆ ಸ್ಪ್ರಿಂಗ್ ಕೆಳಕ್ಕೆ ತಳ್ಳುತ್ತದೆ. ಪೂರ್ತಿ ಬಿಟ್ಟಾಗ ಆ ಸ್ಲೈಡ್ ಐಡ್ಲಿಂಗ್ ಸ್ಕ್ರೂವಿನ ತುದಿಯ ಮೇಲೆ ಕುಳಿತಿರಬೇಕು. ಕೇಬಲ್‌ಗೆ ಆಗ ಯಾವ ಕೆಲಸವೂ ಇರಬಾರದು, ಸ್ವಲ್ಪ ಸಡಿಲವಾಗಿ ಸುಮ್ಮನೆ ಇರಬೇಕು. ಆ ಸಡಿಲವನ್ನೇ ನಾವು ಪ್ಲೇ ಅನ್ನುವುದು. ಪ್ಲೇ ಇಲ್ಲದಿದ್ದರೆ ಸ್ಲೈಡ್ ಸ್ಕ್ರೂವಿನ ಮೇಲೆ ಕೂರುವುದಿಲ್ಲ, ಬಾವಿ ಹಗ್ಗಕ್ಕೆ ಕೊಡ ನೇತಾಡಿದ ಹಾಗೆ ಕೇಬಲ್‌ಗೆ ನೇತಾಡುತ್ತದೆ. ಹ್ಯಾಂಡಲ್ ಎಡಕ್ಕೆ ಹೋದಾಗ ಬಲಗೈಯ ಗ್ರಿಪ್ ಮುಂದಕ್ಕೆ ಸರಿಯುತ್ತದೆ, ಕೇಬಲ್ ಬಿಗಿಯುತ್ತದೆ, ಸ್ಲೈಡ್ ಮೇಲೇಳುತ್ತದೆ, ರೇಸ್. ಬಲಕ್ಕೆ ಹೋದಾಗ ಕೇಬಲ್ ಸಡಿಲವಾಗಿ ಸ್ಲೈಡ್ ಕೆಳಗಿಳಿಯುತ್ತದೆ. ಅಲ್ಲಿ ಅದನ್ನು ತಡೆದು ನಿಲ್ಲಿಸಲು ಐಡ್ಲಿಂಗ್ ಸ್ಕ್ರೂ ಇರಬೇಕಿತ್ತು. ಆದರೆ ನಿಮ್ಮ ಮೆಕ್ಯಾನಿಕ್ ರೇಸ್ ಇಳಿಸಲಿಕ್ಕೆ ಅಂತ ಅದನ್ನು ಹೊರಕ್ಕೆ ತಿರುಗಿಸಿ ತಿರುಗಿಸಿ ದೂರ ಒಯ್ದಿಟ್ಟಿದ್ದಾರೆ. ಹಾಗಾಗಿ ಬಂದ್.

ಇದನ್ನು ಮನೆಯಲ್ಲೇ ಒಂದು ನಿಮಿಷದಲ್ಲಿ ಖಾತ್ರಿ ಮಾಡಿಕೊಳ್ಳಬಹುದು. ಇಂಜಿನ್ ಬಿಸಿಯಾದಮೇಲೆ ಸೆಂಟರ್ ಸ್ಟ್ಯಾಂಡ್ ಹಾಕಿ, ಹ್ಯಾಂಡಲ್ ನೇರವಾಗಿಟ್ಟು, ಐಡ್ಲಿಂಗ್ ಸ್ಕ್ರೂವನ್ನು ಅರ್ಧ ಸುತ್ತು ಹೊರಕ್ಕೆ ತಿರುಗಿಸಿ. ಸ್ಪ್ರಿಂಗ್ ಇರುವ, ಕೈಗೆ ಸುಲಭವಾಗಿ ಸಿಗುವ ದೊಡ್ಡ ಸ್ಕ್ರೂ ಅದು. ರೇಸ್ ಇಳಿದರೆ ಸ್ಲೈಡ್ ಸ್ಕ್ರೂವಿನ ಮೇಲೇ ಕುಳಿತಿದೆ. ಏನೂ ಬದಲಾಗದಿದ್ದರೆ ಸ್ಲೈಡನ್ನು ಹಿಡಿದಿರುವುದು ಕೇಬಲ್. ನಿಮ್ಮ ಬೈಕಿನಲ್ಲಿ ಬದಲಾಗುವುದಿಲ್ಲ ಅಂತ ನನ್ನ ಅಂದಾಜು.

ಈಗ ಪ್ಲೇ ಅಳೆಯಿರಿ. ಇಂಜಿನ್ ಆಫ್ ಮಾಡಿ. ಗ್ರಿಪ್ಪಿನ ಒಳಬದಿಯ ರಬ್ಬರ್ ಅಂಚಿನ ಮೇಲೂ ಅದರ ಪಕ್ಕದ ಸ್ವಿಚ್ ಡಬ್ಬಿಯ ಮೇಲೂ ಎದುರುಬದುರಾಗಿ ವೈಟ್‌ನರ್‌ನಿಂದ ಒಂದೊಂದು ಗೆರೆ ಹಾಕಿ. ಎರಡೇ ಬೆರಳಿನಲ್ಲಿ ಗ್ರಿಪ್ಪನ್ನು ಮೆಲ್ಲಗೆ ತಿರುಗಿಸಿ. ಮೊದಲು ಹಗುರವಾಗಿ ಹೋಗುತ್ತದೆ, ಆಮೇಲೆ ಸ್ಪ್ರಿಂಗಿನ ಭಾರ ಕೈಗೆ ಗೊತ್ತಾಗುತ್ತದೆ. ಅಲ್ಲಿ ನಿಲ್ಲಿಸಿ ಎರಡು ಗೆರೆಗಳ ನಡುವಿನ ಅಂತರ ನೋಡಿ. 2 ರಿಂದ 6 ಮಿಲಿಮೀಟರ್ ಇದ್ದರೆ ಸರಿ. ಇಂಥ ಬೈಕುಗಳಿಗೆ ಕಂಪನಿಗಳು ಸಾಮಾನ್ಯವಾಗಿ ಕೊಡುವ ಅಳತೆ ಇದೇ. ನಾನು 3-4ಕ್ಕೆ ಇಡುತ್ತೇನೆ. ಅಳತೆಯನ್ನು ಹ್ಯಾಂಡಲ್ ನೇರವಿದ್ದಾಗ ಒಮ್ಮೆ, ಪೂರ್ತಿ ಎಡಕ್ಕೆ ಒಮ್ಮೆ, ಪೂರ್ತಿ ಬಲಕ್ಕೆ ಒಮ್ಮೆ ತೆಗೆದುಕೊಳ್ಳಿ. ಮೂರರಲ್ಲೂ ಹೆಚ್ಚುಕಡಿಮೆ ಒಂದೇ ಇರಬೇಕು. ನೇರವಿದ್ದಾಗ 4 ಇದ್ದು ಎಡಕ್ಕೆ ಹೋದಾಗ ಸೊನ್ನೆ ಆಯಿತು ಅಂದರೆ ಅದು ಅಡ್ಜಸ್ಟರ್ ತಿರುಗಿಸಿ ಸರಿಮಾಡುವ ದೋಷ ಅಲ್ಲ. ಕೇಬಲ್ ಹೋಗಿರುವ ದಾರಿಯೇ ತಪ್ಪು.

ಇಲ್ಲೇ ಬಹಳ ಜನ ಎಡವುತ್ತಾರೆ. ಗ್ರಿಪ್ಪಿನ ಹತ್ತಿರ ರಬ್ಬರ್ ಟೊಪ್ಪಿಗೆಯ ಕೆಳಗೆ ಕೇಬಲ್ ಅಡ್ಜಸ್ಟರ್ ಇರುತ್ತದೆ. ಕೆಲವು ಮಾದರಿಗಳಲ್ಲಿ ಕಾರ್ಬುರೇಟರಿನ ಮುಚ್ಚಳದ ಮೇಲೂ ಒಂದು. ಲಾಕ್ ನಟ್ ಸಡಿಲಿಸಿ ಅಡ್ಜಸ್ಟರನ್ನು ಹೊರಕ್ಕೆ ತಿರುಗಿಸಿದರೆ ಪ್ಲೇ ಕಡಿಮೆಯಾಗುತ್ತದೆ, ಒಳಕ್ಕೆ ತಿರುಗಿಸಿದರೆ ಹೆಚ್ಚುತ್ತದೆ. ಎಡಕ್ಕೆ ತಿರುಗಿದಾಗಲೂ ರೇಸ್ ಆಗದ ಹಾಗೆ ಪೂರ್ತಿ ಒಳಕ್ಕೆ ತಿರುಗಿಸಿಬಿಟ್ಟರೆ ತೊಂದರೆ ಮರೆಯಾಗುತ್ತದೆ, ಆದರೆ ನೇರ ರಸ್ತೆಯಲ್ಲಿ ಗ್ರಿಪ್ ಒಂದಷ್ಟು ದೂರ ಸುಮ್ಮನೆ ತಿರುಗುತ್ತದೆ. ಅದೂ ಅಲ್ಲದೆ ಎಲ್ಲೋ ಒತ್ತಿಕೊಂಡ ಕೇಬಲ್ ಒಳಗೊಳಗೇ ತೇಯುತ್ತಾ ಇರುತ್ತದೆ. ಒಳಗಿನ ತಂತಿಯ ಒಂದು ಎಳೆ ಕಿತ್ತು ಕವರಿನೊಳಗೆ ಸಿಕ್ಕಿಕೊಂಡರೆ ಆಕ್ಸಿಲರೇಟರ್ ಬಿಟ್ಟರೂ ವಾಪಸ್ ಬರುವುದಿಲ್ಲ. ಘಟ್ಟದ ಇಳಿಜಾರಿನಲ್ಲಿ ಅದು ಆಗಬಾರದು. ಗ್ರಿಪ್ ಪೂರ್ತಿ ತಿರುಗಿಸಿ ಬಿಟ್ಟಾಗ, ಹ್ಯಾಂಡಲ್ ಯಾವ ಕಡೆಗಿದ್ದರೂ, ಟಕ್ ಅಂತ ತಾನೇ ಮುಚ್ಚಿಕೊಳ್ಳಬೇಕು. ನಿಧಾನಕ್ಕೆ ಬಂದರೆ ಎಣ್ಣೆ ಬಿಟ್ಟು ದಿನ ದೂಡಬೇಡಿ, ಕೇಬಲ್ ಬದಲಾಯಿಸಿ.

ದಾರಿ ಹುಡುಕುವುದು ಹೀಗೆ. ಗ್ರಿಪ್ಪಿನಿಂದ ಶುರು ಮಾಡಿ ಕೇಬಲ್ ಮೇಲೆ ಬೆರಳಾಡಿಸುತ್ತಾ ಹಿಂದಕ್ಕೆ ಬನ್ನಿ. ನಾನು ಮೊದಲು ನೋಡುವುದು ಎರಡು ಜಾಗ. ಒಂದು, ಹೆಡ್‌ಲೈಟಿನ ಹಿಂದೆ ವೈರಿಂಗ್ ಜೊತೆ ಸೇರಿಸಿ ಪ್ಲಾಸ್ಟಿಕ್ ಟ್ಯಾಗ್‌ನಿಂದ ಬಿಗಿದು ಕಟ್ಟಿದ್ದಾರಾ ಅಂತ. ಇನ್ನೊಂದು, ಟ್ಯಾಂಕಿನ ಮುಂತುದಿ. ಅಲ್ಲಿ ಟ್ಯಾಂಕ್ ಕೂರುವ ರಬ್ಬರ್ ಬುಷ್ ಇದೆ; ಕೇಬಲ್ ಅದಕ್ಕೂ ಟ್ಯಾಂಕಿಗೂ ನಡುವೆ ಸಿಕ್ಕಿದ್ದರೆ ಹೊರಗಿನಿಂದ ಕಾಣುವುದೇ ಇಲ್ಲ. ಟ್ಯಾಂಕ್ ಹಿಂದಿನ ಬೋಲ್ಟ್ ತೆಗೆದು ಸ್ವಲ್ಪ ಎತ್ತಿ ನೋಡಬೇಕು.

ಹೋದ ಮಳೆಗಾಲದಲ್ಲಿ ನನ್ನಲ್ಲಿಗೆ ಥೇಟ್ ಇದೇ ಕಥೆಯ ಒಂದು ಬೈಕು ಬಂದಿತ್ತು, ಅದೂ 100 ಸಿಸಿ. ಹ್ಯಾಂಡಲ್ ನೇರವಿದ್ದಾಗ 1400 ಆರ್‌ಪಿಎಂ, ಎಡಕ್ಕೆ ತಿರುಗಿಸಿದರೆ 2600, ಬಲಕ್ಕೆ ತಿರುಗಿಸಿದರೆ ಎರಡು ಸಲ ಕೆಮ್ಮಿ ಬಂದ್. ಪ್ಲೇ ಸೊನ್ನೆ. ಟ್ಯಾಂಕ್ ಎತ್ತಿದರೆ ಕೇಬಲ್ಲಿನ ಕಪ್ಪು ಕವರ್ ಮೇಲೆ ಬುಷ್ಷಿನ ಅಚ್ಚು ಚಪ್ಪಟೆಯಾಗಿ ಮೂಡಿತ್ತು. ಅದನ್ನು ಬಿಡಿಸಿ ಫ್ರೇಮಿನ ಪಕ್ಕದ ಕೊಕ್ಕೆಯೊಳಗೆ ಹಾಯಿಸಿದೆ. ಅಡ್ಜಸ್ಟರ್ ಮುಟ್ಟದೇ ಪ್ಲೇ 4 ಮಿಲಿಮೀಟರ್‌ಗೆ ಬಂತು. ಕವರ್ ಚಪ್ಪಟೆಯಾಗಿದ್ದರಿಂದ ಕೇಬಲ್ ಹೇಗೂ ಬದಲಾಯಿಸಿದೆ ಅನ್ನಿ. ಆಮೇಲೆ ಸ್ಟಾರ್ಟ್ ಮಾಡಿದರೆ ಐಡ್ಲಿಂಗ್ ಇಲ್ಲದೆ ಬೈಕು ಬಂದ್ ಆಗುತ್ತಿತ್ತು. ನಿಮ್ಮದೂ ಬಂದ್ ಆಗುತ್ತದೆ, ಹೆದರಬೇಡಿ. ಇಷ್ಟು ದಿನ ಕೇಬಲ್ ಮಾಡುತ್ತಿದ್ದ ಕೆಲಸ ಇನ್ನು ಐಡ್ಲಿಂಗ್ ಸ್ಕ್ರೂ ಮಾಡಬೇಕು, ಅದು ಎಲ್ಲೋ ದೂರದಲ್ಲಿದೆ. ಸ್ಟಾರ್ಟ್ ಮಾಡಿ ಕೈಯಲ್ಲಿ ಸ್ವಲ್ಪ ರೇಸ್ ಹಿಡಿದುಕೊಂಡೇ ಸ್ಕ್ರೂವನ್ನು ಒಳಕ್ಕೆ ತಿರುಗಿಸುತ್ತಾ ಹೋಗಿ, ಗ್ರಿಪ್ ಬಿಟ್ಟರೂ ಇಂಜಿನ್ ಬಂದ್ ಆಗದೇ ಓಡುವ ತನಕ. ಆ ಬೈಕಿಗೆ ಸುಮಾರು ಮೂರು ಸುತ್ತು ಬೇಕಾಯಿತು.

ಈಗ ಮಿಕ್ಸ್ಚರ್ ಸ್ಕ್ರೂ. ಕೇಬಲ್ ಸರಿಯಾಗುವ ಮೊದಲು ಇದನ್ನು ಮುಟ್ಟಬಾರದು ಅನ್ನುವುದಕ್ಕೆ ಕಾರಣ ಇಷ್ಟೇ: ಸ್ಲೈಡ್ ತಪ್ಪು ಎತ್ತರದಲ್ಲಿ ನೇತಾಡುತ್ತಿರುವಾಗ ಈ ಸ್ಕ್ರೂ ತಿರುಗಿಸಿದರೆ ಇಂಜಿನ್ ಸರಿಯಾದ ಉತ್ತರ ಕೊಡುವುದಿಲ್ಲ. ನಿಮ್ಮ ಮೂರು ಟ್ಯೂನಿಂಗೂ ಹಾಗೆಯೇ ವ್ಯರ್ಥವಾಗಿವೆ.

ಮೈಲೇಜಿನ ಮಾತು ಮೊದಲು ಮುಗಿಸುತ್ತೇನೆ. ಈ ಪುಟ್ಟ ಹಿತ್ತಾಳೆ ಸ್ಕ್ರೂ ನೋಡಿಕೊಳ್ಳುವುದು ಐಡ್ಲಿಂಗನ್ನು, ಅದರಾಚೆಗೆ ಆಕ್ಸಿಲರೇಟರ್ ತುಸು ತೆರೆದಾಗಿನ ಮಿಶ್ರಣವನ್ನು. ಕಾಲುಭಾಗ ತೆರೆಯುವ ಹೊತ್ತಿಗೆ ಅಧಿಕಾರ ಸ್ಲೈಡಿನಲ್ಲಿರುವ ಸೂಜಿಗೆ ಹೋಗುತ್ತದೆ, ಪೂರ್ತಿ ತೆರೆದಾಗ ಪೆಟ್ರೋಲ್ ಅಳೆದು ಬಿಡುವ ಮೇನ್ ಜೆಟ್‌ಗೆ. ಮಟ್ಟಸ ರಸ್ತೆಯಲ್ಲಿ 40-45ರಲ್ಲಿ ಹೋಗುವಾಗ ಮಿಕ್ಸ್ಚರ್ ಸ್ಕ್ರೂವಿನ ಪಾಲು ಇದ್ದೇ ಇದೆ, ಆದರೆ ಸಣ್ಣದು. ಪೆಟ್ರೋಲ್ ಕಡಿಮೆ ಮಾಡಿದ್ದರಿಂದ ಇಂಜಿನ್ ಎಳೆಯದೇ ಹೋದಾಗ ನೀವೇ ಆಕ್ಸಿಲರೇಟರ್ ಹೆಚ್ಚು ತಿರುಗಿಸುತ್ತೀರಿ, ಚೋಕ್ ಹೆಚ್ಚು ಹೊತ್ತು ಎಳೆದಿಡುತ್ತೀರಿ. ಉಳಿಸಿದ್ದು ಅಲ್ಲೇ ಹೋಯಿತು.

ಇನ್ನೊಂದು ವಿಚಾರ ಮೆಕ್ಯಾನಿಕ್‌ಗಳಲ್ಲೇ ಅರ್ಧ ಜನಕ್ಕೆ ಗೊಂದಲ. ಟೈಟ್ ಮಾಡಿದರೆ ಪೆಟ್ರೋಲ್ ಕಡಿಮೆಯೋ ಹೆಚ್ಚೋ? ಅದು ಸ್ಕ್ರೂ ಎಲ್ಲಿದೆ ಅನ್ನುವುದರ ಮೇಲೆ. ಸ್ಲೈಡ್ ಇರುವ ಕಂಬದಂಥ ಭಾಗವನ್ನು ನಡುಗೆರೆ ಅಂದುಕೊಳ್ಳಿ. ಸ್ಕ್ರೂ ಅದರಿಂದ ಏರ್ ಫಿಲ್ಟರ್ ಕಡೆಗಿದ್ದರೆ ಅದು ಗಾಳಿಯನ್ನು ತಡೆಯುವ ಏರ್ ಸ್ಕ್ರೂ. ಒಳಕ್ಕೆ ತಿರುಗಿಸಿದರೆ ಗಾಳಿ ಕಡಿಮೆಯಾಗಿ ಮಿಶ್ರಣ ದಪ್ಪವಾಗುತ್ತದೆ. ಆರ್‌ಎಕ್ಸ್ 100ರದ್ದು ಹೀಗೆ. ಇಂಜಿನ್ ಕಡೆಗಿದ್ದರೆ ಅದು ಪೆಟ್ರೋಲ್ ಬೆರೆತ ಮಿಶ್ರಣವನ್ನೇ ತಡೆಯುವ ಸ್ಕ್ರೂ. ಒಳಕ್ಕೆ ತಿರುಗಿಸಿದರೆ ಮಿಶ್ರಣ ತೆಳುವಾಗುತ್ತದೆ. ಮಿಕುನಿಯ ಬಿಎಸ್ ಜಾತಿಯ ಕಾರ್ಬುರೇಟರ್‌ಗಳಲ್ಲಿ ಹೀಗೆ. ನೋಡಲಿಕ್ಕೆ ಎರಡೂ ಒಂದೇ, ನಡತೆ ಪೂರ್ತಿ ಉಲ್ಟಾ. ಟೈಟ್ ಮಾಡಿದ ಮೇಲೆ ನಿಮಗೆ ಪಟಪಟ ಶುರುವಾಗಿದೆ ಅಂದರೆ ನಿಮ್ಮದು ಇಂಜಿನ್ ಕಡೆಯದೇ ಇರಬೇಕು. ಆದರೂ ಕಣ್ಣಾರೆ ನೋಡಿ ಖಾತ್ರಿ ಮಾಡಿಕೊಳ್ಳಿ.

ಎಷ್ಟು ಸುತ್ತು ಅಂತ ಕೇಳುತ್ತೀರಿ, ಎಲ್ಲರೂ ಕೇಳುತ್ತಾರೆ. ‘ಒಂದೂವರೆ ಸುತ್ತು’ ಅನ್ನುವುದು ಮಂತ್ರದ ಹಾಗೆ ಊರೆಲ್ಲ ಓಡಾಡುತ್ತದೆ. ಅದು ಶುರು ಮಾಡುವ ಜಾಗ ಮಾತ್ರ. ಸರಿಯಾದ ಜಾಗ ಯಾವುದು ಅಂತ ಇಂಜಿನ್ನೇ ಹೇಳುತ್ತದೆ.

ಹತ್ತು ಹದಿನೈದು ನಿಮಿಷ ಓಡಿಸಿ ಬನ್ನಿ. ನಿಲ್ಲಿಸಿದಲ್ಲೇ ಅರ್ಧ ಗಂಟೆ ಸ್ಟಾರ್ಟ್ ಇಟ್ಟು ಬಿಸಿ ಮಾಡಬೇಡಿ, ಗಾಳಿಯಿಂದಲೇ ತಣಿಯಬೇಕಾದ ಇಂಜಿನ್ ಅದು, ವಿಪರೀತ ಕಾದು ಸುಳ್ಳು ಹೇಳುತ್ತದೆ. ಚೋಕ್ ಪೂರ್ತಿ ಬಿಟ್ಟಿರಬೇಕು, ಏರ್ ಫಿಲ್ಟರ್ ಜಾಗದಲ್ಲೇ ಇರಬೇಕು. ಆರ್‌ಪಿಎಂ ಮೀಟರ್ ಈ ಬೈಕಿನಲ್ಲಿ ಇಲ್ಲ. ಪ್ಲಗ್ಗಿನ ದಪ್ಪ ವೈರಿಗೆ ತಂತಿ ಸುತ್ತಿ ಓದುವ ಪುಟ್ಟ ಮೀಟರ್‌ಗಳು ಈಗ ಅಗ್ಗಕ್ಕೆ ಸಿಗುತ್ತವೆ. ಒಂದು ಎಚ್ಚರಿಕೆ: ಇಂಥ ಇಂಜಿನ್‌ಗಳಲ್ಲಿ ಸಾಮಾನ್ಯವಾಗಿ ಪ್ರತಿ ಸುತ್ತಿಗೂ ಒಂದು ಕಿಡಿ ಬರುತ್ತದೆ, ಮೀಟರಿನ ಸೆಟ್ಟಿಂಗ್ ಎರಡು ಸುತ್ತಿಗೊಂದು ಕಿಡಿ ಅಂತಿದ್ದರೆ ದುಪ್ಪಟ್ಟು ತೋರಿಸುತ್ತದೆ. ಶಾಂತವಾಗಿ ಓಡುತ್ತಿರುವ ಇಂಜಿನ್ 2800 ಅಂತ ತೋರಿಸಿದರೆ ಅದು 1400. ಮೀಟರ್ ಇಲ್ಲದಿದ್ದರೂ ಕಿವಿಯಿಂದ ಮಾಡಬಹುದು, ಸ್ವಲ್ಪ ಹೊತ್ತು ಹೆಚ್ಚು ಬೇಕು. ನಿಮ್ಮ ಬೈಕಿನ ಕೈಪಿಡಿಯಲ್ಲಿರುವ ಐಡ್ಲಿಂಗ್ ವೇಗ ನೋಡಿಕೊಳ್ಳಿ; ಇಂಥ 100 ಸಿಸಿಗಳಿಗೆ 1400ರ ಆಸುಪಾಸು ಇರುತ್ತದೆ.

ಇಂಜಿನ್ ಆಫ್ ಮಾಡಿ, ಮಿಕ್ಸ್ಚರ್ ಸ್ಕ್ರೂವನ್ನು ಎಣಿಸುತ್ತಾ ಒಳಕ್ಕೆ ತಿರುಗಿಸಿ, ತಳ ತಾಗಿತು ಅನ್ನಿಸಿದ ಕೂಡಲೇ ನಿಲ್ಲಿಸಿ. ಬಿಗಿಯುವ ಹಾಗಿಲ್ಲ. ಇದರ ಮೂತಿ ಸೂಜಿಯ ಹಾಗೆ ಚೂಪು, ಒತ್ತಿದರೆ ಅದು ಕೂರುವ ರಂಧ್ರ ಹಿಗ್ಗಿ ಕಾರ್ಬುರೇಟರ್ ನಿಜವಾಗಿಯೂ ಹಾಳಾಗುತ್ತದೆ. ಎಷ್ಟು ಸುತ್ತಿತ್ತು ಅಂತ ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ, ತಪ್ಪಿದರೆ ವಾಪಸ್ ಹೋಗಲು ಅದೊಂದೇ ದಾರಿ. ಆಮೇಲೆ ಒಂದೂವರೆ ಸುತ್ತು ಹೊರಗಿಟ್ಟು ಸ್ಟಾರ್ಟ್ ಮಾಡಿ, ಐಡ್ಲಿಂಗ್ ಸ್ಕ್ರೂವಿನಿಂದ 1400ಕ್ಕೆ ತನ್ನಿ.

ಈಗ ಮಿಕ್ಸ್ಚರ್ ಸ್ಕ್ರೂವನ್ನು ಕಾಲು ಸುತ್ತು ಹೊರಕ್ಕೆ. ಹತ್ತು ಸೆಕೆಂಡ್ ಕಾಯಿರಿ. ಇಂಜಿನ್ ತಡವಾಗಿ ಉತ್ತರಿಸುತ್ತದೆ, ಅವಸರ ಮಾಡಿದರೆ ದಾರಿ ತಪ್ಪುತ್ತೀರಿ. ರೇಸ್ ಏರಿದರೆ ಇನ್ನೊಂದು ಕಾಲು ಸುತ್ತು. ಏರುವುದು ನಿಂತು, ಇಳಿಯಲು ಶುರುವಾದ ಜಾಗ ಗುರುತಿಟ್ಟುಕೊಳ್ಳಿ. ಆಮೇಲೆ ಅದೇ ಥರ ಒಳಕ್ಕೆ ಬನ್ನಿ, ಇಂಜಿನ್ ತಡವರಿಸಲು ಶುರುಮಾಡುವ ಜಾಗ ಸಿಗುತ್ತದೆ. ಎರಡರ ನಡುವೆ ಒಂದು ಮಟ್ಟಸ ಜಾಗ ಇರುತ್ತದೆ, ಅದರ ನಡುಮಧ್ಯೆ ನಿಲ್ಲಿಸಿ. ನಾನು ಹೇಳಿದ ಬೈಕಿನಲ್ಲಿ ಸ್ಕ್ರೂ ಬಂದಾಗ ಮುಕ್ಕಾಲು ಸುತ್ತಿನಲ್ಲಿತ್ತು. ಹೊರಕ್ಕೆ ತರುತ್ತಾ ಹೋದ ಹಾಗೆ 1400 ಇದ್ದದ್ದು 1650ಕ್ಕೆ ಏರಿತು. ಒಂದೂವರೆಯಿಂದ ಎರಡೂಕಾಲರ ತನಕ ಅಲ್ಲೇ ನಿಂತು, ಆಮೇಲೆ ಇಳಿಯಿತು. ಸುಮಾರು ಒಂದೂಮುಕ್ಕಾಲಿಗೆ ನಿಲ್ಲಿಸಿ, ಐಡ್ಲಿಂಗ್ ಸ್ಕ್ರೂ ಹೊರಕ್ಕೆ ತಿರುಗಿಸಿ ಮತ್ತೆ 1400ಕ್ಕೆ ಇಳಿಸಿದೆ. ಹೀಗೆ ಇಳಿಸಿದಾಗ ಸ್ಲೈಡ್ ಎತ್ತರ ಬದಲಾಗುವುದರಿಂದ ಮಿಕ್ಸ್ಚರ್ ಇನ್ನೊಮ್ಮೆ ನೋಡಲೇಬೇಕು. ಆ ಬೈಕು ಎರಡನೇ ಸಲ ಅರೆಪಾವು ಸುತ್ತು ಇನ್ನೂ ಹೊರಕ್ಕೆ ಕೇಳಿತು. ಈಗಿನ ಪೆಟ್ರೋಲಿನಲ್ಲಿ ಶೇಕಡಾ 20ರ ತನಕ ಎಥನಾಲ್ ಇರುತ್ತದೆ. ಎಥನಾಲಿನೊಳಗೇ ಆಮ್ಲಜನಕ ಇರುವುದರಿಂದ ಹಳೆಯ ಸೆಟ್ಟಿಂಗ್‌ನಲ್ಲಿ ಮಿಶ್ರಣ ಮೊದಲಿಗಿಂತ ತೆಳುವಾಗುತ್ತದೆ. ಹಾಗಾಗಿ ಹಳೇ ಬೈಕುಗಳಲ್ಲಿ ನಡುಮಧ್ಯಕ್ಕಿಂತ ಕೂದಲೆಳೆಯಷ್ಟು ಪೆಟ್ರೋಲ್ ಕಡೆಗೇ ಬಿಡುವುದು ನನ್ನ ರೂಢಿ.

ಸರಿಯಾಯಿತಾ ಅಂತ ತಿಳಿಯಲು ಒಮ್ಮೆ ಚುರುಕಾಗಿ ರೇಸ್ ಕೊಟ್ಟು ಬಿಡಿ. ನೇರವಾಗಿ 1400ಕ್ಕೆ ಬಂದು ಕೂತರೆ ಸರಿ. ಮೇಲೇ ತೇಲಿಕೊಂಡಿದ್ದು ನಿಧಾನಕ್ಕೆ ಇಳಿದರೆ ಇನ್ನೂ ತೆಳು. 1400ಕ್ಕಿಂತ ಕೆಳಗೆ ಮುಳುಗಿ, ಆಮೇಲೆ ಸುಧಾರಿಸಿಕೊಂಡು ಮೇಲೆ ಬಂದರೆ ದಪ್ಪ. ಆಮೇಲೆ ಹ್ಯಾಂಡಲ್ ಎಡಕ್ಕೆ ಬಲಕ್ಕೆ ಪೂರ್ತಿ ತಿರುಗಿಸಿ, ಸದ್ದು ಅಲ್ಲಾಡಬಾರದು. ಇಳಿಜಾರಿನ ಪಟಪಟ ಇದರಿಂದ ಹೋಗಬೇಕು. ಹೋಗದಿದ್ದರೆ ಸೈಲೆನ್ಸರ್ ಪೈಪ್ ಇಂಜಿನ್ನಿಗೆ ಸೇರುವಲ್ಲಿನ ಗ್ಯಾಸ್ಕೆಟ್ ನೋಡಿ. ಅಲ್ಲಿ ಹೊರಗಿನ ಗಾಳಿ ಒಳಗೆ ಎಳೆದುಕೊಂಡರೂ ಇದೇ ಸದ್ದು, ಅದಕ್ಕೆ ಯಾವ ಸ್ಕ್ರೂವೂ ಮದ್ದಲ್ಲ.

ಎಮಿಷನ್ ಟೆಸ್ಟ್ ಮಾಡಿಸುವಾಗ ಸರ್ಟಿಫಿಕೇಟ್ ಮಡಚಿ ಜೇಬಿಗೆ ಹಾಕುವ ಮೊದಲು ಅದರಲ್ಲಿರುವ ಕಾರ್ಬನ್ ಮೊನಾಕ್ಸೈಡ್ ಅಂಕಿ ಓದಿ. ನಿಮ್ಮ ವರ್ಷದ ನಾಲ್ಕು ಸ್ಟ್ರೋಕ್ ಬೈಕಿಗೆ ಮಿತಿ ಶೇಕಡಾ 3.5. ಅದರ ಹತ್ತಿರ ಇದ್ದರೆ ದಪ್ಪ, ಅರ್ಧಕ್ಕಿಂತ ಕೆಳಗಿದ್ದು ಐಡ್ಲಿಂಗೂ ತಡವರಿಸುತ್ತಿದ್ದರೆ ತೆಳು. ನಳಿಕೆಯನ್ನು ಸೈಲೆನ್ಸರಿನೊಳಕ್ಕೆ ಪೂರ್ತಿ ಹಾಕದೆ ತೆಗೆದ ಅಂಕಿಯನ್ನು ನಂಬುವ ಹಾಗಿಲ್ಲ, ಅದು ಬೇರೆ ವಿಷಯ.

ಇಷ್ಟೆಲ್ಲ ಮಾಡಿಯೂ ಮಿಕ್ಸ್ಚರ್ ಸ್ಕ್ರೂ ತಿರುಗಿಸಿದಾಗ ಇಂಜಿನ್ ಏನೂ ಹೇಳದಿದ್ದರೆ ಐಡ್ಲಿಂಗ್‌ಗೆ ಪೆಟ್ರೋಲ್ ಬಿಡುವ ಪೈಲಟ್ ಜೆಟ್ ಕಟ್ಟಿಕೊಂಡಿದೆ. ಮಳೆಗಾಲದಲ್ಲಿ ವಾರಗಟ್ಟಲೆ ನಿಲ್ಲಿಸಿದ ಬೈಕುಗಳಲ್ಲಿ ಇದು ಮಾಮೂಲು. ಪೆಟ್ರೋಲ್ ಟ್ಯಾಪ್ ಮುಚ್ಚಿ, ಕೆಳಗಿನ ಬಟ್ಟಲು ಬಿಚ್ಚಿ ಜೆಟ್ ತೆಗೆದು ಬೆಳಕಿಗೆ ಹಿಡಿಯಿರಿ. ದುಂಡನೆಯ ಚುಕ್ಕೆ ಕಾಣಬೇಕು. ಸೇಫ್ಟಿ ಪಿನ್ ತೂರಿಸಬೇಡಿ, ಉಕ್ಕು ಹಿತ್ತಾಳೆಯನ್ನು ಕೆರೆಯುತ್ತದೆ, ರಂಧ್ರದ ಅಳತೆಯೇ ಬದಲಾಗುತ್ತದೆ. ಮನೆಯ ವೈರಿನಿಂದ ತಾಮ್ರದ ಒಂದೇ ಒಂದು ಎಳೆ ಬಿಡಿಸಿಕೊಂಡರೆ ಸಾಕು, ತಾಮ್ರ ಮೆದು. ಜೆಟ್ ಸ್ವಚ್ಛವಿದ್ದೂ ಹೀಗಾದರೆ ಕಾರ್ಬುರೇಟರ್ ಇಂಜಿನ್ನಿಗೆ ಸೇರುವ ಜಾಗದಲ್ಲಿ ಗಾಳಿ ಸೋರುತ್ತಿರಬಹುದು. ಇಂಜಿನ್ ಓಡುವಾಗ ಅಲ್ಲಿ ಸಿರಿಂಜಿನಿಂದ ನಾಲ್ಕು ಹನಿ ನೀರು ಬಿಡಿ, ಐಡ್ಲಿಂಗ್ ಬದಲಾದರೆ ಓ-ರಿಂಗ್ ಹೋಗಿದೆ. ಕೆಲವರು ಇದಕ್ಕೆ ಪೆಟ್ರೋಲ್ ಬಿಡುತ್ತಾರೆ. ಕಾದ ಸೈಲೆನ್ಸರ್ ಒಂದು ಗೇಣು ದೂರದಲ್ಲಿರುವಾಗ ಆ ಸಾಹಸ ಬೇಡ.

ಕಾರ್ಬುರೇಟರ್ ಬದಲಾಯಿಸಬೇಕಾದ ಸ್ಥಿತಿ ಬೇರೆ. ಸ್ಲೈಡ್ ಹೊರತೆಗೆದು ನೋಡಿದಾಗ ಒಂದು ಬದಿಯಲ್ಲಿ ಗೆರೆ ಬಿದ್ದು ಹೊಳಪು ಬಂದಿದ್ದರೆ, ಅದರ ಕೊಳವೆಯೊಳಗಿಟ್ಟು ಅಲ್ಲಾಡಿಸಿದಾಗ ಲಟಲಟ ಅಂದರೆ, ಅಥವಾ ಮಿಕ್ಸ್ಚರ್ ಸ್ಕ್ರೂವಿನ ಮೂತಿಯಲ್ಲಿ ಬಳೆಯ ಹಾಗೆ ಒಂದು ಗೀರು ಬಿದ್ದಿದ್ದರೆ ಆಗ ಯೋಚಿಸಿ. ಮೂತಿ ಮಾತ್ರ ಕೆಟ್ಟಿದ್ದರೆ ಮೊದಲು ಸ್ಕ್ರೂ ಒಂದನ್ನೇ ಬದಲಾಯಿಸಿ ನೋಡಬಹುದು. ಪೂರ್ತಿ ಹೊಸದೇ ತರಬೇಕಾದರೆ ನಿಮ್ಮ ಮಾದರಿಯ ಕಂಪನಿ ಪಾರ್ಟನ್ನೇ ತನ್ನಿ. ಕಾಲು ಬೆಲೆಗೆ ಸಿಗುವ ನಕಲಿನಲ್ಲಿ ಜೆಟ್‌ಗಳ ಅಳತೆ ಯಾವ ಬೈಕಿನದೋ ಇರುತ್ತದೆ, ಆಗ ನಿಮ್ಮ ನಾಲ್ಕನೇ ಟ್ಯೂನಿಂಗ್ ಶುರುವಾಗುತ್ತದೆ.